ಗೆರೆಗೆ ಬಾರದ ನೀರು

ನಮ್ಮಿಬ್ಬರನ್ನು ಜೋಡಿ ಮಾಡಿದ್ದು ಹಾಜರಿ ಪುಸ್ತಕ. ಅವನ ಹೆಸರಿನ ಕೆಳಗೇ ನನ್ನ ಹೆಸರು ಬರುತ್ತಿದ್ದರಿಂದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂರು ವರ್ಷ ಒಂದೇ ಮೇಜು, ಒಂದೇ ಬ್ಯೂರೆಟ್ಟು, ಸದಾ ಸೋರುವ ಒಂದೇ ನಲ್ಲಿ. ಊರೂ ಒಂದೇ. ಆದರೆ ಊರಿನಲ್ಲಿ ನಾವು ಮಾತಾಡಿದವರಲ್ಲ. ಅವರದು ತೋಟದ ನಡುವಿನ ತಾರಸಿ ಮನೆ, ವಿಭೂತಿ ಹಚ್ಚಿಕೊಳ್ಳದೆ ಯಾರೂ ಹೊಸ್ತಿಲು ದಾಟದ ಮನೆತನ. ನಮ್ಮದು ಊರ ತಗ್ಗಿನ ಕೂಲಿಯವರ ಬೀದಿ. ನಮ್ಮವ್ವ ಅವರ ಎಲೆಕೋಸಿನ ಹೊಲದಲ್ಲಿ ಕಳೆ ಕೀಳಲು ಹೋಗುತ್ತಿದ್ದಳು. ನಾನು ಅವರ ಮಗನ ಪಕ್ಕ ನಿಂತು ಆಸಿಡ್ಡು ಅಳೆಯುತ್ತಿದ್ದೆ.

ಲ್ಯಾಬಿನಲ್ಲಿ ನಾನು ಅವನನ್ನು 'ಏನ್ಲಾ' ಅಂತಲೇ ಮಾತಾಡಿಸುತ್ತಿದ್ದೆ. ಕಾಲೇಜಿದ್ದ ತಾಳವಾಡಿಯಿಂದ ವಾಪಸು ಬರುವ ಬಸ್ಸಿನಲ್ಲೂ ಅದೇ. ಊರ ಸ್ಟಾಪಿನಲ್ಲಿ ಇಳಿದ ಮೇಲೆ ಮಾತ್ರ ಆ 'ಲಾ' ನನ್ನ ಬಾಯಿಗೆ ಬರುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ. ಅವನು ಮೇಲಕ್ಕೆ ಹೋಗುತ್ತಿದ್ದ, ನಾನು ತಗ್ಗಿಗೆ ಇಳಿಯುತ್ತಿದ್ದೆ. ಇದರ ಬಗ್ಗೆ ಆಗ ನನಗೆ ಸಿಟ್ಟು ಕೂಡ ಇರಲಿಲ್ಲ. ಸುಸ್ತು ಇತ್ತು, ಅಷ್ಟೇ. ಬೆಳಿಗ್ಗೆ ನೀರು ಹೊತ್ತು, ಸೊಪ್ಪು ಬೇಯಿಸಿಟ್ಟು, ಬಸ್ಸಿಗೆ ಓಡಿ ಬಂದವಳಿಗೆ ಸಿಟ್ಟು ಮಾಡಿಕೊಳ್ಳುವುದೂ ಒಂದು ಕೆಲಸ.

ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ನಮ್ಮ ಮೇಷ್ಟ್ರು ಸತ್ಯಮಂಗಲದಿಂದ ಘಾಟಿ ಹತ್ತಿ ಬರುತ್ತಿದ್ದವರು, ತಮಿಳರು, ಪಾಠಕ್ಕಿಂತ ವಾಪಸು ಬಸ್ಸಿನ ಚಿಂತೆ ಹೆಚ್ಚು. ಅವರೇ ವಿಷಯ ಕೊಟ್ಟರು: ಬೆಟ್ಟದ ಬಾವಿ ಬೋರುಗಳ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ, ಆಳ ಹೆಚ್ಚಿದಂತೆ ಅದು ಕಡಿಮೆಯಾಗುತ್ತದೆಯೇ. ಉತ್ತರವನ್ನೂ ಅವರೇ ಹೇಳಿಬಿಟ್ಟಿದ್ದರು. ಗೊಬ್ಬರ, ಸಗಣಿ, ಗಂಜಲ ಎಲ್ಲ ಮೇಲಿಂದ ಇಳಿಯುವುದು, ಹಾಗಾಗಿ ಮೇಲಿನ ನೀರಿನಲ್ಲಿ ನೈಟ್ರೇಟ್ ಹೆಚ್ಚು, ಆಳದ ನೀರಿನಲ್ಲಿ ಕಡಿಮೆ; ಗ್ರಾಫ್ ಹಾಕಿದರೆ ಇಳಿಯುವ ಗೆರೆ ಬರಬೇಕು, ಬಂದರೆ ಒಳ್ಳೆ ಮಾರ್ಕು.

ನಮ್ಮ ಲ್ಯಾಬಿನ ಪದ್ಧತಿಯೂ ಅದಕ್ಕೆ ತಕ್ಕ ಹಾಗೇ ಇತ್ತು. ರಫ್ ಹಾಳೆಯಲ್ಲಿ ಪೆನ್ಸಿಲ್ಲು, ರೆಕಾರ್ಡಿನಲ್ಲಿ ಪೆನ್ನು. ಪೆನ್ಸಿಲ್ಲಿನಿಂದ ಪೆನ್ನಿಗೆ ಬರುವ ದಾರಿಯಲ್ಲಿ ಅಂಕಿಗಳು ಸ್ವಲ್ಪ ತಲೆ ಬಾಚಿಕೊಂಡು, ಮುಖ ತೊಳೆದುಕೊಂಡು ಬರುತ್ತಿದ್ದವು. ಟೈಟ್ರೇಷನ್ನಿನಲ್ಲಿ ಎರಡು ಸಲದ ಅಳತೆ ಹೊಂದಿದರೆ ಮೂರನೆಯದನ್ನು ಯಾರೂ ಮಾಡುತ್ತಿರಲಿಲ್ಲ, ಬರೆಯುತ್ತಿದ್ದರು. ನಾನೂ ಅದೇ ಗುಂಪಿನವಳೇ. ಹೀಗಿರುವಾಗ ನಾವಿಬ್ಬರು ಒಂದು ರೀಡಿಂಗಿಗಾಗಿ ಕಿತ್ತಾಡಿದೆವು ಅಂದರೆ ಕ್ಲಾಸಿನವರು ಇವತ್ತಿಗೂ ನಗುತ್ತಾರೆ.

ನೀರು ತರುವುದನ್ನು ಹಂಚಿಕೊಂಡಿದ್ದೆವು. ಅವನು ಬೈಕಿನಲ್ಲಿ ಹಾಸನೂರಿನ ಕಾಡಂಚಿನ ಬೋರು, ದೊಡ್ಡಗಾಜನೂರಿನ ಎರಡು ತೋಟ, ತಿಗನಾರೆಯ ಒಂದು ತೆರೆದ ಬಾವಿ ಸುತ್ತಿ ಬಂದ. ಊರಿನ ಎರಡರಲ್ಲಿ ನಮ್ಮ ಬೀದಿಯ ಕೈಪಂಪು ನನ್ನ ಪಾಲಿಗೆ, ಅವರ ಮನೆಯ ಬೋರು ಅವನ ಪಾಲಿಗೆ. ಅವರ ಬೋರು ಎಲ್ಲಕ್ಕಿಂತ ಆಳದ್ದು. ಅದರ ನೀರಿನ ರುಚಿಯ ಬಗ್ಗೆ ಅವರ ಮನೆಯಲ್ಲಿ ದೊಡ್ಡ ಹೆಮ್ಮೆ. ನಮ್ಮವ್ವನಿಗೂ ಆ ರುಚಿ ಗೊತ್ತು. ಹೊಲದ ಕೆಲಸದ ನಡುವೆ ಬದುವಿನ ಮೇಲಿಂದ ಅವಳ ಬೊಗಸೆಗೆ ಎತ್ತಿ ಹೊಯ್ಯುತ್ತಿದ್ದದ್ದು ಅದೇ ನೀರು.

ಕೆಲಸವೋ, ಜೀವ ಹಿಂಡುವಂಥದ್ದು. ಒಂದೊಂದು ನೀರನ್ನೂ ಐವತ್ತು ಮಿಲಿ ಅಳೆದು ಪಿಂಗಾಣಿ ಬಟ್ಟಲಿಗೆ ಹಾಕಿ, ಕುದಿಯುವ ನೀರಿನ ಹಬೆಯ ಮೇಲಿಟ್ಟು ಪೂರಾ ಒಣಗಿಸಬೇಕು. ಅವಸರಪಟ್ಟು ನೇರ ಬೆಂಕಿಗಿಟ್ಟರೆ ಸಿಡಿದು ಹಾಳು. ನೀರೆಲ್ಲ ಆವಿಯಾಗಿ ಹೋದ ಮೇಲೆ ಬಟ್ಟಲಿನ ತಳದಲ್ಲಿ ಬೆಳ್ಳನೆಯ ಹೊಟ್ಟು ಉಳಿಯುತ್ತದೆ. ನೀರಿನಲ್ಲಿದ್ದ ಉಪ್ಪುಗಳೆಲ್ಲ ಅಲ್ಲೇ, ನೈಟ್ರೇಟೂ ಅಲ್ಲೇ. ಅದರ ಮೇಲೆ ಫೀನಾಲ್ ಡೈಸಲ್ಫೋನಿಕ್ ಆಸಿಡ್ಡನ್ನು ಸ್ವಲ್ಪ ಬಿಟ್ಟು ಗಾಜಿನ ಕಡ್ಡಿಯಿಂದ ತಳವೆಲ್ಲ ಉಜ್ಜಬೇಕು. ನೀರು ಬೆರೆಸಿ ಅಮೋನಿಯಾ ಹನಿಸುತ್ತ ಹೋದರೆ ಹಳದಿ ಬಣ್ಣ ಏಳುತ್ತದೆ. ನೈಟ್ರೇಟ್ ಹೆಚ್ಚಿದ್ದಷ್ಟೂ ಹಳದಿ ಗಾಢ. ಆಮೇಲೆ ಅದನ್ನು ನೂರು ಮಿಲಿಗೆ ಏರಿಸಿ ಕಲರಿಮೀಟರಿನ ಗಾಜಿನ ಕೊಳವೆಯಲ್ಲಿಟ್ಟರೆ, ಆ ಹಳದಿ ಎಷ್ಟು ಬೆಳಕು ನುಂಗಿತೆಂದು ಯಂತ್ರ ಹೇಳುತ್ತದೆ. ಅಮೋನಿಯಾದ ಘಾಟಿಗೆ ಕಣ್ಣು ಮೂಗು ಒಂದೇ ಸಮ ಸುರಿಯುತ್ತಿತ್ತು. ಕಿಟಕಿ ತೆಗೆದರೆ ಕೋತಿಗಳು.

ಬಣ್ಣದಿಂದ ಅಳತೆ ತಿಳಿಯಬೇಕಾದರೆ ಮೊದಲು ಗೊತ್ತಿರುವ ನೀರು ಬೇಕು. ಪೊಟ್ಯಾಸಿಯಂ ನೈಟ್ರೇಟನ್ನು ತೂಗಿ, ಲೀಟರಿಗೆ ಹತ್ತು, ಇಪ್ಪತ್ತು, ಹೀಗೆ ಐವತ್ತು ಮಿಲಿಗ್ರಾಂವರೆಗೆ ನೈಟ್ರೇಟ್ ಇರುವ ದ್ರಾವಣ ಮಾಡಿ, ಅವುಗಳ ರೀಡಿಂಗ್ ತೆಗೆದು ಗೆರೆ ಎಳೆದಿದ್ದೆವು. ಅಡ್ಡಕ್ಕೆ ನೈಟ್ರೇಟ್, ಉದ್ದಕ್ಕೆ ಯಂತ್ರದ ಅಂಕಿ. ಬಾವಿ ನೀರಿನ ಅಂಕಿ ಸಿಕ್ಕಿದರೆ ಗೆರೆಗೆ ತಾಕಿಸಿ ಕೆಳಗಿಳಿದು ಉತ್ತರ ಓದಿಕೊಳ್ಳುವುದು. ಕುಡಿಯುವ ನೀರಿಗೆ ನಲವತ್ತೈದರ ಗಡಿ, ಹಾಗಾಗಿ ಐವತ್ತರವರೆಗಿನ ಗೆರೆ ಸಾಕು ಅಂದುಕೊಂಡಿದ್ದೆವು.

ಒಂದೊಂದೇ ನೀರು ಮೇಷ್ಟ್ರು ಹೇಳಿದ ಮಾತು ಕೇಳುತ್ತ ಬಂತು. ತೆರೆದ ಬಾವಿ ಗಡಿಯ ಒಳಗೇ, ಆದರೆ ಎಲ್ಲಕ್ಕಿಂತ ಮೇಲೆ. ತೋಟದ ಬೋರುಗಳು ಅದಕ್ಕಿಂತ ಕೆಳಗೆ. ನಮ್ಮ ಬೀದಿಯ ಕೈಪಂಪು ಇನ್ನೂ ಕೆಳಗೆ. ನಿಜ ಹೇಳಬೇಕೆಂದರೆ ನಮ್ಮದು ಕೆಟ್ಟಿರಲಿ ಅಂತ ಮನಸ್ಸಿನಲ್ಲಿ ಆಸೆಯಿತ್ತು, ಹೊಸ ಟ್ಯಾಂಕ್ ಕೇಳಲು ಒಂದು ಕಾರಣ ಸಿಗುತ್ತಿತ್ತಲ್ಲ. ಅದು ನೋಡಿದರೆ ಚಿನ್ನದಂಥ ನೀರು. ಹಾಸನೂರಿನದು ಅದಕ್ಕೂ ಕೆಳಗೆ. ಆಳದ ಗ್ರಾಫಿನಲ್ಲಿ ಚುಕ್ಕೆಗಳು ಚೆಂದವಾಗಿ ಇಳಿಜಾರಿಗೆ ಕೂತಿದ್ದವು. ಉಳಿದದ್ದು ಒಂದೇ, ಅವರ ಮನೆಯದು.

ಅಮೋನಿಯಾ ಬಿಡುತ್ತಿದ್ದಂತೆಯೇ ಬಟ್ಟಲು ಅರಿಶಿನ ಕಲಸಿದ ಹಾಗೆ ಆಯಿತು. ಯಂತ್ರದ ಅಂಕಿ ನಮ್ಮ ಗೆರೆಯ ತುದಿಯನ್ನು ದಾಟಿ ಎಲ್ಲೋ ಮೇಲೆ ನಿಂತಿತು. ಅವನು ಕೊಳವೆ ಒರೆಸಿ ಮತ್ತೆ ಇಟ್ಟ. ಬರೀ ನೀರಿಟ್ಟು ಸೊನ್ನೆಗೆ ತಂದು ಮತ್ತೆ ನೋಡಿದ. ಅದೇ ಅಂಕಿ.

"ಇದ ಬುಟ್ಟುಬುಡಮ್ಮಿ," ಅಂದ. "ನಮ್ ಗೆರೆ ಐವತ್ತಕ್ಕೇ ನಿಂತೋಗದ. ಅದ್ರಾಚ್ಗ ಇರದ ಎಷ್ಟು ಅಂತ ಯಾರ್ ಯೋಳಕ್ಕಾದ್ದು? ಲೆಕ್ಕಕ್ಕೇ ಬರಲ್ಲ ಅದು."

"ಗೆರಗ ಬರಲ್ಲ ಕಣ್ಲಾ. ನೀರಲ್ಲಿ ಇಲ್ಲ ಅಂತ ಆಯ್ತದಾ?" ಅಂದೆ. "ಐವತ್ತು ಮಿಲಿ ಬದ್ಲು ಐದ್ ಮಿಲಿ ಒಣಗಿಸ್ಮ. ಗೆರೆ ಒಳಕ್ಕ ಬತ್ತದ. ಬಂದದ್ದ ಅತ್ರಿಂದ ಗುಣಿಸ್ಮ."

"ಬಸ್ಸು ಓಯ್ತದ."

"ನಂಗೂ ಅದೇ ಬಸ್ಸು."

ಅವನು ಇನ್ನೊಂದು ದಾರಿ ಹಿಡಿದ. "ನಮ್ ನೀರ್ಗ ಉಪ್ಪಿನಂಶ ಜಾಸ್ತಿ. ಕ್ಲೋರೈಡ್ ಇದ್ರ ಮೊದ್ಲು ಸಿಲ್ವರ್ ಸಲ್ಫೇಟ್ ಆಕಿ ತಗಿಬೇಕು ಅಂತ ಪುಸ್ತಕದಲ್ಲೇ ಅದ. ನಮ್ ಕಾಲೇಜಲ್ಲಿ ಆ ಬಾಟ್ಲು ಎಲ್ಲದ? ಅದ ಮಾಡ್ದೆ ತಗ್ದಿರ ರೀಡಿಂಗು ತಪ್ಪೇ ಅಲ್ವಾ?"

ಈ ಮಾತು ತೆಗೆದುಹಾಕುವಂಥದ್ದಲ್ಲ. ಸಿಲ್ವರ್ ಸಲ್ಫೇಟ್ ದುಬಾರಿ, ಕೇಳಿದ್ದಕ್ಕೆ ಮೇಷ್ಟ್ರು 'ಪರವಾಇಲ್ಲೆ, ಅದಿಲ್ಲದೇ ಮಾಡಿ' ಅಂದಿದ್ದರು. ಆದರೆ ಆ ಪುಟವನ್ನು ನಾನೂ ಓದಿದ್ದೆ, ಅದೂ ಬಸ್ಸಿನಲ್ಲಿ ನಿಂತುಕೊಂಡು.

"ತಪ್ಪೇಯ. ಯಾವ್ ಕಡೆಗ ತಪ್ಪು ಅಂತ ಓದಿದ್ದಯಾ?" ಅಂದೆ. "ಕ್ಲೋರೈಡು ಆ ಆಸಿಡ್ನಲ್ಲಿ ನೈಟ್ರೇಟ್‌ನ ಒಂಚೂರು ಗಾಳಿ ಮಾಡಿ ಓಡಿಸ್ಬುಡ್ತದ. ರೀಡಿಂಗು ಕಮ್ಮಿ ತೋರುಸ್ತದ, ಜಾಸ್ತಿ ಅಲ್ಲ. ನೀ ಯೋಳದು ನಿಜ ಆದ್ರ ನಿಮ್ ನೀರಲ್ಲಿ ಇರದು ಇದ್ಕಿಂತ್ಲೂ ಜಾಸ್ತಿ."

ಅವನ ಮುಖ ಕೆಂಪಾಯಿತು. "ನಮ್ ಬೋರೇ ಆಗ್ಬೇಕಾಗಿತ್ತ ನಿಂಗ?"

ಆಗ ನನಗೂ ರೇಗಿತು. ಎಲ್ಲಾ ರೀಡಿಂಗುಗಳಿಗೂ ತಲೆ ಬಾಚುವ ನಾನು ಇದೊಂದಕ್ಕೆ ಯಾಕೆ ಗಂಟು ಬಿದ್ದೆ ಎಂದರೆ ಅದಕ್ಕೆ ಕಾರಣವಿತ್ತು. ಹಿಂದಿನ ವಾರ ನಮ್ಮವ್ವ ಹೊಲದಿಂದ ಬಂದವಳು ಹೇಳಿದ್ದಳು: ಅವನ ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ, ಎದೆಹಾಲು ಸಾಲದು, ಕೂಸಿಗೆ ಡಬ್ಬಿಯ ಪುಡಿ ಹಾಲು ಕಲಸಿ ಬಾಟಲಿಯಲ್ಲಿ ಕೊಡುತ್ತಿದ್ದಾರೆ. ಪ್ರಾಜೆಕ್ಟಿನ ಮುನ್ನುಡಿಗೆ ಪುಸ್ತಕದಿಂದ ಇಳಿಸಿಕೊಂಡ ಸಾಲು ನನ್ನ ಕೈಬರಹದಲ್ಲೇ ಇತ್ತು. ನೈಟ್ರೇಟ್ ಹೆಚ್ಚಿರುವ ನೀರು ದೊಡ್ಡವರಿಗೆ ಅಷ್ಟಾಗಿ ತಟ್ಟದಿದ್ದರೂ, ಅದರಲ್ಲಿ ಹಾಲು ಕಲಸಿ ಕೊಟ್ಟರೆ ಎಳೆ ಕೂಸಿನ ರಕ್ತ ಉಸಿರಿನ ಗಾಳಿಯನ್ನು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಮೈ ನೀಲಿಗಟ್ಟುತ್ತದೆ.

"ನಿಮ್ಮಕ್ಕನ ಕೂಸ್ಗ ಯಾವ್ ನೀರಲ್ಲಿ ಆಲು ಕಲುಸ್ತರಾ?" ಅಂತ ಕೇಳಿದೆ.

"ನಮ್ಮನ ಸುದ್ದಿ ನಿಂಗ್ಯಾಕ?" ಅಂದ. ಅಂದವನು ಪಿಪೆಟ್ಟು ತೆಗೆದುಕೊಂಡು ಐದು ಮಿಲಿ ಅಳೆದು ಬಟ್ಟಲಿಗೆ ಬಿಟ್ಟ. ನಮ್ಮ ಬಸ್ಸು ಹೋಯಿತು. ಬಟ್ಟಲು ಒಣಗಿದ ಮೇಲೆ ನಾನು ಆಸಿಡ್ಡು ಬಿಟ್ಟು ಉಜ್ಜಿದೆ, ಅವನು ಅಮೋನಿಯಾ ಹನಿಸಿದ. ಈ ಸಲದ ಹಳದಿ ನಿಂಬೆಹಣ್ಣಿನಷ್ಟೇ ಇತ್ತು, ಅಂಕಿ ಗೆರೆಯೊಳಗೆ ಬಂತು. ಹನ್ನೊಂದು. ಹತ್ತರಿಂದ ಗುಣಿಸಿದರೆ ನೂರಹತ್ತು. ಗಡಿಯ ಎರಡು ಪಟ್ಟಿಗೂ ಮೇಲೆ. ಅವನು ಅದನ್ನು ಪೆನ್ಸಿಲ್ಲಿನಲ್ಲಿ ಬರೆದು ಬಹಳ ಹೊತ್ತು ನೋಡಿದ. ಕೊನೆಗೆ, ನೀರು ತಂದ ಬಾಟಲಿಯೇ ಸರಿಯಿಲ್ಲದಿರಬಹುದು, ತೋಟದಲ್ಲಿ ಔಷಧಿಗೋ ಗೊಬ್ಬರಕ್ಕೋ ಬಳಸಿದ್ದಿರಬಹುದು, ಎಂದ. ಇರಬಹುದು ಅಂತ ನಾನೂ ಒಪ್ಪಿದೆ. ನಾಳೆ ಶನಿವಾರ, ಲ್ಯಾಬಿನ ಹೊಸ ಬಾಟಲಿ ತೊಳೆದು ನಾನೇ ತರುತ್ತೇನೆ, ಇಬ್ಬರ ಎದುರೇ ಹಿಡಿಯೋಣ ಅಂದೆ. ಅವನಿಗೆ ಇಷ್ಟವಿರಲಿಲ್ಲ, ಆದರೂ ಬೇಡ ಅನ್ನಲಿಲ್ಲ.

ಮಾರನೆಯ ದಿನ ಅವರ ಅಂಗಳಕ್ಕೆ ಹೋದೆ. ಅವನ ತಾಯಿ ಜಗಲಿಯಲ್ಲಿ ಹುರುಳಿ ಹಸನು ಮಾಡುತ್ತಿದ್ದರು. "ಯಾಕವ್ವ, ನಿಮ್ಮವ್ವ ಬರ್ನಿಲ್ವ ಇವತ್ತು?" ಅಂದರು. ಕಾಲೇಜಿನ ಕೆಲಸ ಅಂತ ಮಗ ಹೇಳಿದ ಮೇಲೆ, "ನೀರ್ಗ ಏನ್ ಪರೀಕ್ಸೆ? ಎಳನೀರ್ ಇದ್ದಂಗದ" ಅಂತ ನಕ್ಕರು. ಅಕ್ಕ ಬಾಗಿಲಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು. ನಾನು ಅಂಗಳದಲ್ಲೇ ನಿಂತಿದ್ದೆ. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ, ನಾನೂ ಎದುರು ನೋಡಿರಲಿಲ್ಲ.

ಬೋರು ಮನೆಯ ಹಿಂದೆ, ಎಲೆಕೋಸಿನ ಹೊಲದ ಅಂಚಿನಲ್ಲಿ. ಮೋಟರು ಓಡುತ್ತಲೇ ಇತ್ತು. ಬೋರಿನಿಂದ ಮೇಲೆ ಬಂದ ಪೈಪು ಎರಡಾಗಿ ಒಡೆದು ಒಂದು ಮನೆಯ ಟ್ಯಾಂಕಿಗೆ, ಇನ್ನೊಂದು ಹೊಲದ ಹನಿ ನೀರಾವರಿಗೆ. ಹೊಲದ ಪೈಪಿಗೆ ಪಕ್ಕದ ನೀಲಿ ಡ್ರಮ್ಮಿನಿಂದ ಒಂದು ತೆಳು ಪೈಪು ಸೇರಿಸಿದ್ದರು. ಡ್ರಮ್ಮಿನಲ್ಲಿ ಗೊಬ್ಬರ ಕರಗಿಸಿಟ್ಟರೆ ನೀರು ಓಡುವಾಗ ಅದೇ ಎಳೆದುಕೊಂಡು ಗಿಡದ ಬುಡಕ್ಕೆ ಒಯ್ಯುತ್ತದೆ. ಪಕ್ಕದಲ್ಲಿ ಬಿಳಿ ಚೀಲಗಳು. ಮೇಲೆ ದೊಡ್ಡ ಅಕ್ಷರದಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಅಂತ ಬರೆದಿತ್ತು. ಅದನ್ನು ಅವನೂ ನೋಡಿದ, ನಾನೂ ನೋಡಿದೆ. ವಾರವಾರ ಅದನ್ನು ಕರಗಿಸುತ್ತಿದ್ದವನು ಅವನೇ.

"ಅದು ಒಲಕ್ಕ ಓಯ್ತದ, ಬೋರ್ಗಲ್ಲ," ಅಂದ ನಾನು ಕೇಳುವ ಮೊದಲೇ.

ಮನೆಯ ಟ್ಯಾಂಕಿನ ಕಡೆಯ ಪೈಪಿನ ಬಾಯಿಂದ ನೀರು ಸ್ವಲ್ಪ ಹೊತ್ತು ಸುಮ್ಮನೆ ಹರಿಯಲು ಬಿಟ್ಟು, ಬಾಟಲಿಯನ್ನು ಅದೇ ನೀರಿನಲ್ಲಿ ಗಲಬರಿಸಿ ಚೆಲ್ಲಿ, ಆಮೇಲೆ ತುಂಬಿ ಮುಚ್ಚಳ ಬಿಗಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಮೋಟರು ನಿಂತಿತು. ನಿಂತ ಕೂಡಲೇ ಡ್ರಮ್ಮಿನಿಂದ ಗೊಳಗೊಳ ಅಂತ ಸದ್ದು. ಬಗ್ಗಿ ನೋಡಿದರೆ ಗೊಬ್ಬರದ ನೀರು ತಾನಾಗಿ ಇಳಿಯುತ್ತಿದೆ. ಹೊಲದ ಕಡೆ ಹರಿಯುವಂತಿಲ್ಲ, ಅಲ್ಲಿ ಹನಿ ನಿಂತುಹೋಗಿತ್ತು. ಮೋಟರು ನಿಂತರೆ ಪೈಪಿನಲ್ಲಿರುವ ನೀರು ಹಿಂದಕ್ಕೆ ಬೋರಿಗೆ ಬೀಳದಂತೆ ತಡೆಯುವ ಒಂದು ವಾಲ್ವ್ ಇರುತ್ತದೆ. ಅದು ಯಾವಾಗಲೋ ಸವೆದು ಹೋಗಿತ್ತು. ಬೀಳುವ ನೀರು ಡ್ರಮ್ಮಿನ ಗೊಬ್ಬರವನ್ನೂ ತನ್ನ ಜೊತೆಗೆ ಎಳೆದುಕೊಳ್ಳುತ್ತಿತ್ತು, ಅಷ್ಟು ಆಳಕ್ಕೆ.

ಗೊಬ್ಬರ ಬಿಡುವಾಗ ಮಾತ್ರ ಡ್ರಮ್ಮಿನ ತಿರುಪು ತೆರೆದು ಆಮೇಲೆ ಮುಚ್ಚಿದರೆ ಹೀಗಾಗುವುದಿಲ್ಲ. ಆದರೆ ನಮ್ಮ ಬೆಟ್ಟದಲ್ಲಿ ಅದನ್ನು ಮುಚ್ಚಲು ಯಾರು ಹೋಗುತ್ತಾರೆ? ಮೋಟರಿಗೆ ಬೇಕಾದ ತ್ರೀಫೇಸ್ ಕರೆಂಟಿಗೆ ಹೊತ್ತುಗೊತ್ತಿಲ್ಲ, ಹೆಚ್ಚಾಗಿ ನಡುರಾತ್ರಿ, ಆ ಹೊತ್ತಿನಲ್ಲೇ ಆನೆಯೂ ಹೊಲಕ್ಕೆ ಇಳಿದಿರುತ್ತದೆ. ಹಾಗಾಗಿ ಎಲ್ಲರ ಮೋಟರಿಗೂ ಆಟೋ ಸ್ಟಾರ್ಟರ್, ಕರೆಂಟು ಬಂದರೆ ತಾನೇ ಓಡುತ್ತದೆ, ಹೋದರೆ ತಾನೇ ನಿಲ್ಲುತ್ತದೆ. ಡ್ರಮ್ಮಿನ ತಿರುಪು ಸದಾ ತೆರೆದೇ. ಆನೆಗೆ ಹೆದರಿ ಮಾಡಿಕೊಂಡ ಅನುಕೂಲ ಅದು, ಅದರಲ್ಲಿ ಯಾರ ತಪ್ಪನ್ನು ಹುಡುಕುವುದು.

ಅವನು ತಿರುಪು ಮುಚ್ಚಿದ. ಮುಚ್ಚಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. "ಇವತ್ತೇ ಮೆಕ್ಯಾನಿಕ್ ಕರ್ಸಿ ವಾಲ್ವ್ ಆಕುಸ್ತಿನಿ," ಅಂದ. "ಕಾರ್ಣ ಗೊತ್ತಾಯ್ತಲ್ಲ. ಇದು ಭೂಮಿ ನೀರಿನ ರೀಡಿಂಗೇ ಅಲ್ಲ, ಡ್ರಮ್ಮಿಂದು. ಆಳಕ್ಕೂ ಇದ್ಕೂ ಏನ್ ಸಂಬಂಧ? ಈಗ್ಲಾದ್ರೂ ಬುಟ್ಟುಬುಡು. ಯಾರ್ಗೂ ಯೋಳದ್ ಬ್ಯಾಡ."

ಲೆಕ್ಕದ ದೃಷ್ಟಿಯಿಂದ ಅವನ ಮಾತು ಅರ್ಧ ಸರಿ. ಕಾರಣ ಗೊತ್ತಾದ ರೀಡಿಂಗನ್ನು ಗೆರೆ ಎಳೆಯುವಾಗ ಬಿಡಬಹುದು. ಆದರೆ ಬಿಟ್ಟಿದ್ದೇವೆ, ಯಾಕೆ ಬಿಟ್ಟಿದ್ದೇವೆ ಅಂತ ಬರೆಯಬೇಕು. ಯಾರಿಗೂ ಹೇಳುವುದು ಬೇಡ ಅನ್ನುವುದು ಯಾವ ಲೆಕ್ಕ? ವಾಲ್ವ್ ಇವತ್ತು ಹಾಕಿಸಿದರೆ ಒಳಗೆ ಹೋಗಿರುವ ಗೊಬ್ಬರ ಇವತ್ತೇ ಈಚೆ ಬರುತ್ತದೆಯೇ? ಇಷ್ಟನ್ನೂ ಹೇಳುವ ಚೈತನ್ಯ ನನಗಿರಲಿಲ್ಲ. ತಲೆ ಸಿಡಿಯುತ್ತಿತ್ತು. "ಬಾ, ಓಗ್ಮ" ಅಂತ ಅಂಗಳದ ಕಡೆ ನಡೆದೆ.

ಜಗಲಿಯಲ್ಲಿ ಅಕ್ಕ ಬಾಟಲಿಗೆ ಪುಡಿ ಹಾಕುತ್ತಿದ್ದಳು. ಪಕ್ಕದಲ್ಲಿ ಕಾಯಿಸಿದ ನೀರಿನ ಪಾತ್ರೆ. ಅವನು ನಿಂತು ನೋಡಿದ. ನಾನು ಅವನನ್ನು ನೋಡಿದೆ. ಅವನ ಬಾಯಿ ತೆರೆಯಲೇ ಇಲ್ಲ. ಅಕ್ಕ ನೀರು ಬಗ್ಗಿಸಿ ಬಾಟಲಿ ಅಲ್ಲಾಡಿಸತೊಡಗಿದಳು.

"ಯೋಳ್ಲಾ!" ಅಂದುಬಿಟ್ಟೆ, ಗಟ್ಟಿಯಾಗಿ.

ಅವನ ತಾಯಿಯ ಮೊರ ನಿಂತಿತು. ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ನಮ್ಮವ್ವನ ಜನ್ಮದಲ್ಲಿ ಆ ಅಂಗಳದಲ್ಲಿ ನಮ್ಮ ಬೀದಿಯವರು ಯಾರೂ ಆಡದ ಮಾತನ್ನು ನಾನು ಆಡಿದ್ದೆ.

"ಅಕ್ಕ, ಆ ನೀರು ಬ್ಯಾಡ," ಅಂದ ಅವನು.

"ಚೆನ್ನಾಗ್ ಕಾಯ್ಸಿವ್ನಿ ಕಣ್ಲಾ. ಮರಳ ಮರಳ ಕಾಯ್ಸಿವ್ನಿ."

"ಕಾಯ್ಸುದ್ರ ಓಗಲ್ಲಕ್ಕ. ನಾವ್ ಲ್ಯಾಬಲ್ಲಿ ಮಾಡದೇ ಅದು. ನೀರೆಲ್ಲ ಆವಿಯಾಗ್ ಒಂಟೋಯ್ತದ, ಅದು ಮಾತ್ರ ಬಟ್ಲಲ್ಲೇ ಉಳ್ಕತದ. ಕಾಯ್ಸದಂಗೆಲ್ಲ ಇನ್ನೂ ಜಾಸ್ತಿನೇ ಆಯ್ತದ." ಅಷ್ಟು ಹೇಳಿ ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು ಅಂಗಳಕ್ಕೆ ಸುರಿದ. ಬೆಳ್ಳಗೆ ಹರಿಯಿತು. "ಗೊಬ್ರ ಬೋರ್ಗ ಇಳೀತಾ ಅದ. ನಾನೇ ಕರ್ಗಿಸಿದ್ದು."

ಕೂಸು ಅಳಲು ಶುರು ಮಾಡಿತು. ತಾಯಿ ಮೊದಲು ನಂಬಲಿಲ್ಲ, ಆಮೇಲೆ ಬೈದರು, ಆಮೇಲೆ ಹೆದರಿದರು. ಕೂಸನ್ನು ಬೆಳಕಿಗೆ ತಂದು ತುಟಿ ಉಗುರು ಎಲ್ಲ ನೋಡಿದರು. ಅಕ್ಕ ಅಳುತ್ತ, "ಮತ್ತ ಯಾವ್ ನೀರಲ್ಲಿ ಕಲ್ಸದು?" ಅಂತ ಕೇಳಿದಳು. ಅವನು ನಮ್ಮ ಪಟ್ಟಿಯಲ್ಲಿದ್ದದ್ದನ್ನು ಹೇಳಿದ. ಊರಲ್ಲಿ ನಾವು ನೋಡಿರುವ ಇನ್ನೊಂದು ನೀರು ಒಂದೇ, ತಗ್ಗಿನ ಬೀದಿಯ ಕೈಪಂಪು. ನೈಟ್ರೇಟ್ ಇಲ್ಲವೆನ್ನುವಷ್ಟು ಕಡಿಮೆ.

ಕೂಸು ಅಳುತ್ತಲೇ ಇತ್ತು. ತಾಯಿ ಒಳಗೆ ಹೋಗಿ ಹಿತ್ತಾಳೆಯ ಬಿಂದಿಗೆ ತಂದು ಮಗನ ಮುಂದೆ ಇಟ್ಟರು. ನನ್ನ ಕಡೆ ನೋಡದೆ, "ಓಗು, ಅವ್ಳ್ ಜೊತೆಗೇ ಓಗು, ಪಂಪು ಒತ್ಕೊಡ್ತಳ" ಅಂದರು. ಅವನು ನನ್ನ ಜೊತೆ ತಗ್ಗಿಗೆ ಇಳಿದದ್ದು ಅದೇ ಮೊದಲ ಸಲ. ನಮ್ಮ ಬೀದಿಯ ನಾಯಿಗಳೆಲ್ಲ ಬೊಗಳಿದವು.

ಕೂಸಿಗೆ ಏನೂ ಆಗಿರಲಿಲ್ಲ. ಅದೇ ದಿನ ಆಸ್ಪತ್ರೆಗೆ ಒಯ್ದು ತೋರಿಸಿದರು, ನೀರು ಬದಲಾಯಿಸಿದ್ದು ಒಳ್ಳೆಯದಾಯಿತು ಅಂತ ಡಾಕ್ಟರ್ ಹೇಳಿ ಕಳಿಸಿದರು. ಸೋಮವಾರ ಹೊಸ ಬಾಟಲಿಯ ನೀರನ್ನೂ ಒಣಗಿಸಿದೆವು. ಹಳೆಯದಕ್ಕಿಂತ ಒಂಚೂರು ಹೆಚ್ಚೇ ಬಂತು, ಬಾಟಲಿಯ ಮಾತು ಅಲ್ಲಿಗೆ ಮುಗಿಯಿತು. ಗ್ರಾಫಿನಲ್ಲಿ ಉಳಿದ ಚುಕ್ಕೆಗಳಿಗೆ ಗೆರೆ ಎಳೆದು, ಮೇಲೆ ಒಂಟಿಯಾಗಿದ್ದ ಆ ಚುಕ್ಕೆಗೆ ಸುತ್ತು ಹಾಕಿದೆವು. ಪಕ್ಕದಲ್ಲಿ ಅವನೇ ಬರೆದ, ಪೆನ್ನಿನಲ್ಲಿ: ಗೊಬ್ಬರದ ಡ್ರಮ್ಮಿನಿಂದ ಬೋರಿಗೆ ಹಿಮ್ಮರಳಿದ ನೀರು, ಗೆರೆಯ ಲೆಕ್ಕಕ್ಕೆ ಸೇರಿಸಿಲ್ಲ, ಕ್ಲೋರೈಡ್ ತೆಗೆದಿಲ್ಲದ ಕಾರಣ ನಿಜವಾದ ಅಳತೆ ಇನ್ನೂ ಹೆಚ್ಚಿರಬಹುದು. ಮೇಷ್ಟ್ರು ಓದಿ, "ಇದನ್ನು ಬಿಟ್ಟಿದ್ದರೆ ಗ್ರಾಫ್ ಎಷ್ಟು ಅಂದವಾಗಿರುತ್ತಿತ್ತು" ಅಂತ ತಮಿಳಿನಲ್ಲಿ ಕೊರಗಿ ಸಹಿ ಹಾಕಿದರು.

ಬೋರನ್ನು ಖಾಲಿ ಮಾಡಿ ಮಾಡಿ ತೊಳೆಯಬೇಕಿತ್ತು. ಕರೆಂಟಿದ್ದಾಗಲೆಲ್ಲ ಮೋಟರು ಓಡಿಸಿ ನೀರನ್ನು ಹೊಲಕ್ಕೆ ಬಿಟ್ಟರು. ವಾರಕ್ಕೊಮ್ಮೆ ಅವನು ಬಾಟಲಿ ತರುತ್ತಿದ್ದ, ನಾನು ಬಟ್ಟಲಿಗಿಟ್ಟು ಒಣಗಿಸುತ್ತಿದ್ದೆ. ಅಂಕಿ ನಿಧಾನವಾಗಿ ಇಳಿಯತೊಡಗಿತು.

ಅಷ್ಟೂ ವಾರ ಅವರ ಮನೆಯ ಬಿಂದಿಗೆ ನಮ್ಮ ಬೀದಿಗೆ ಬಂತು. ಮೊದಲು ಅವನು ತಂದ, ಅವನಿಗೆ ಕಾಲೇಜಿದ್ದ ದಿನ ಅವನ ತಾಯಿಯೇ ಬಂದರು. ಮೊದಮೊದಲು ದೂರ ನಿಂತು ಯಾರಾದರೂ ಒತ್ತಿ ತುಂಬಿಸಲಿ ಅಂತ ಕಾಯುತ್ತಿದ್ದರು. ಆಮೇಲೆ ಸಾಲಿಗೆ ನಿಂತರು. ಪಂಪು ಗಟ್ಟಿ ಅಂತ ದೂರಿದರು. ಒಂದು ದಿನ ನಾನು ಬಸ್ಸಿಳಿದು ಬಂದರೆ ನಮ್ಮ ಜಗಲಿಯ ಮೇಲೆ ಕೂತಿದ್ದಾರೆ, ಬಿಂದಿಗೆ ಪಕ್ಕದಲ್ಲಿ, ಕೂಸಿನ ವಾಂತಿಯ ಬಗ್ಗೆ ನಮ್ಮವ್ವನ ಹತ್ತಿರ ಕೇಳುತ್ತಿದ್ದಾರೆ. ನಮ್ಮವ್ವ ಹಾಗಲ್ಲ ಹೀಗೆ ಅಂತ ಮಗಳಿಗೆ ಹೇಳುವವಳ ಥರ ಹೇಳುತ್ತಿದ್ದಾಳೆ. ಹೋಗುವಾಗ ಅವರು, "ನಿಮ್ ನೀರೇ ಚಂದ ಕಣವ್ವ" ಅಂದರು. ಅವತ್ತು ರಾತ್ರಿ ನಮ್ಮವ್ವ ಆ ಮಾತನ್ನು ಮತ್ತೆ ಮತ್ತೆ ಹೇಳಿದಳು. ನನಗೂ ಖುಷಿಯಾಗಿತ್ತು. ಸುಸ್ತೆಲ್ಲ ಎಲ್ಲೋ ಹೋದ ಹಾಗಿತ್ತು.

ಪ್ರಾಜೆಕ್ಟ್ ಒಪ್ಪಿಸುವ ಮೊದಲು ಕೊನೆಯ ಬಾಟಲಿ ಬಂತು. ಈ ಸಲ ಐವತ್ತು ಮಿಲಿಯನ್ನೇ ಒಣಗಿಸಿದೆ. ಹಳದಿ ಅವತ್ತಿನ ನಿಂಬೆಹಣ್ಣಿನ ಬಣ್ಣಕ್ಕಿಂತ ಒಂಚೂರು ಗಾಢ, ಅಷ್ಟೇ. ಅಂಕಿಯನ್ನು ಗೆರೆಗೆ ತಾಕಿಸಿ ಕೆಳಗಿಳಿದೆ. ಇಪ್ಪತ್ತರ ಒಳಗೆ. ನೀರು ಸರಿಹೋಗಿತ್ತು. ನನ್ನ ಕೈಯಲ್ಲಿ ಪೆನ್ನಿತ್ತು, ಬರೆಯಲು ಮನಸ್ಸೇ ಬರಲಿಲ್ಲ. ಬಣ್ಣ ಪೂರಾ ಏಳುವಷ್ಟು ಅಮೋನಿಯಾ ಬಿಟ್ಟೆನೋ ಇಲ್ಲವೋ ಅಂತ ನನ್ನನ್ನೇ ಅನುಮಾನಿಸಿದೆ. ಇನ್ನಷ್ಟು ಹನಿಸಿ ನೋಡಿದೆ. ಬಣ್ಣ ಏರಲಿಲ್ಲ.

"ಏನಾಯ್ತಮ್ಮಿ?" ಅಂತ ಅವನು ಬಗ್ಗಿ ನೋಡಿದ. ಅವನಿಗೆ ನನ್ನ ಮುಖ ಅರ್ಥವಾಯಿತೆಂದು ಕಾಣುತ್ತದೆ. "ಬೇಕಾದ್ರ ಇನ್ನೊಂದ್ ವಾರ ನೋಡ್ಮ," ಅಂದ ಮೆಲ್ಲಗೆ. "ಅವ್ವನ್ಗ ಅಂಗೇ ಯೋಳ್ತಿನಿ."

"ಬ್ಯಾಡ," ಅಂದು ಬರೆದೆ.

ಮಾರನೆಯ ದಿನದಿಂದ ಬಿಂದಿಗೆ ಬರಲಿಲ್ಲ. ಸಂಜೆ ಪಂಪಿನ ಹೊತ್ತಿಗೆ ನಮ್ಮವ್ವ ಜಗಲಿ ಗುಡಿಸಿ, ಸೆರಗು ಸರಿ ಮಾಡಿಕೊಂಡು ಕೂತಿದ್ದಳು. ಕತ್ತಲಾಗುವವರೆಗೆ ಕೂತು ಎದ್ದು ಒಳಗೆ ಬಂದು, "ಅವರ್ ಬೋರು ಸರಿಯಾಯ್ತಾ?" ಅಂತ ಕೇಳಿದಳು. ಆಯ್ತು ಅಂದೆ. "ಸದ್ಯ, ಕೂಸ್ಗ ಒಳ್ಳೇದಾಯ್ತು ಬುಡು" ಅಂದಳು.